ಎಂಟು ಟಿಪ್ಪರ್ ಸಾಕು ಎನ್ನುವವರಿಗೆ

ಎಷ್ಟು ಟಿಪ್ಪರ್ ಬೇಕು ಎಂಬುದನ್ನು ನಮ್ಮ ಗುತ್ತಿಗೆದಾರರು ಒಂದೇ ಭಾಗಾಕಾರದಲ್ಲಿ ಮುಗಿಸಿಬಿಡುತ್ತಾರೆ. ಸಂಜೆ ಲೋಡು ಕಡಿಮೆ ಬಿದ್ದರೆ ಬೈಗುಳ ಮಾತ್ರ ಚಾಲಕರಿಗೆ. ತಪ್ಪು ಇರುವುದು ಲೆಕ್ಕದಲ್ಲಿ.

ಕ್ರಷರ್‌ನಿಂದ ರಸ್ತೆ ಕಾಮಗಾರಿಗೆ ದಿನಕ್ಕೆ 700 ಟನ್ ಜಲ್ಲಿ ಹೋಗಬೇಕು ಎಂದಿಟ್ಟುಕೊಳ್ಳಿ. ಸರಕು ವಾಹನಗಳ ತೂಕದ ಮಿತಿಯನ್ನು 2018ರಲ್ಲಿ ಪರಿಷ್ಕರಿಸಿದ ನಂತರ ಹತ್ತು ಚಕ್ರದ ಟಿಪ್ಪರ್ ಸರಕು ಸಮೇತ 28.5 ಟನ್ ತೂಗಬಹುದು. ಖಾಲಿ ಗಾಡಿಯೇ 11 ಟನ್ ಇದ್ದರೆ ಜಲ್ಲಿಗೆ ಉಳಿಯುವುದು 17.5 ಟನ್. ತೊಟ್ಟಿಯಲ್ಲಿ ಇನ್ನೂ ಜಾಗವಿದೆಯಲ್ಲ ಎಂದು 21 ಟನ್ ಹಿಡಿದು ಲೆಕ್ಕ ಹಾಕುವವರೂ ಇದ್ದಾರೆ. ದಂಡ ಕಟ್ಟುವಾಗ ಅವರು ಸಿಗುವುದಿಲ್ಲ. ಇರಲಿ, ನಮಗೆ 40 ಟ್ರಿಪ್ ಬೇಕು.

ಒಂದು ಸುತ್ತಿಗೆ ಲೋಡಿಂಗ್ 12 ನಿಮಿಷ, ತೂಕ ಮತ್ತು ಟಾರ್ಪಾಲಿಗೆ 8, ಹೋಗಲು 50, ಸುರಿಯಲು 10, ಖಾಲಿ ಬರಲು 40. ಒಟ್ಟು 120 ನಿಮಿಷ. ಬೆಳಗ್ಗೆ 8ರಿಂದ ಸಂಜೆ 6ರವರೆಗೆ ಹತ್ತು ಗಂಟೆ, ಅಂದರೆ ಗಾಡಿಗೆ ಐದು ಟ್ರಿಪ್. ಎಂಟು ಗಾಡಿ ಸಾಕು ಎಂಬ ಉತ್ತರ ಇಲ್ಲಿಂದಲೇ ಬರುತ್ತದೆ.

ಆದರೆ ಲೋಡರ್ ಇರುವುದು ಒಂದೇ. ಎಂಟೂ ಗಾಡಿಗಳು 8 ಗಂಟೆಗೇ ತುಂಬಿಕೊಳ್ಳುವುದಿಲ್ಲ. ಎರಡನೆಯದರ ಸರದಿ 8.12ಕ್ಕೆ, ಎಂಟನೆಯದರದು 9.24ಕ್ಕೆ. ಐದನೇ ಟ್ರಿಪ್ಪಿನ ಜಲ್ಲಿ ಸುರಿದು ಮುಗಿಯಲು ಮೊದಲ ಲೋಡಿಂಗ್‌ನಿಂದ 9 ಗಂಟೆ 20 ನಿಮಿಷ ಬೇಕು. ಹಾಗಾಗಿ 8.40ರೊಳಗೆ ಶುರು ಮಾಡಿದ ನಾಲ್ಕು ಗಾಡಿಗಳಿಗೆ ಮಾತ್ರ ಐದು ಟ್ರಿಪ್, ಉಳಿದವಕ್ಕೆ ನಾಲ್ಕೇ. ಒಟ್ಟು 36 ಟ್ರಿಪ್, 70 ಟನ್ ಖೋತಾ. ಕಾಗದದ ಮೇಲೆ ಐದೆಂದು ಕಂಡದ್ದು ಅರ್ಧ ಗಾಡಿಗಳ ಪಾಲಿಗೆ ಸುಳ್ಳು.

ಒಂಬತ್ತನೇ ಗಾಡಿ ತಂದರೆ ಸರಿಯಾಗಿ 40 ಆಗುತ್ತದೆ. ನನ್ನನ್ನು ಕೇಳಿದರೆ, ಅದಕ್ಕೆ ಬಾಡಿಗೆ ಕೊಡುವ ಬದಲು ಲೋಡರ್ ಆಪರೇಟರನ್ನು 7.15ಕ್ಕೆ ಕರೆಸಿ. ಎಂಟನೇ ಗಾಡಿ 8.39ಕ್ಕೆ ಬಕೆಟ್ ಕೆಳಗೆ ಬಂದು ನಿಲ್ಲುತ್ತದೆ, ಎಂಟಕ್ಕೂ ಐದೈದು ಟ್ರಿಪ್ ಸಿಗುತ್ತದೆ. ತೂಕದ ಯಂತ್ರದವನೂ ಅಷ್ಟೊತ್ತಿಗೆ ಬಂದಿರಬೇಕು, ಅದನ್ನು ಮರೆಯುವವರೇ ಹೆಚ್ಚು.

ಗಾಡಿ ಹೆಚ್ಚಿಸುವುದಕ್ಕೂ ಮಿತಿ ಇದೆ. 120 ನಿಮಿಷದಲ್ಲಿ ಲೋಡರ್ ತುಂಬಬಲ್ಲದ್ದು ಹತ್ತೇ ಗಾಡಿ. ಹನ್ನೊಂದನೆಯದು ಸಾಲಿನಲ್ಲಿ ನಿಂತು ಡೀಸೆಲ್ ಸುಡುತ್ತದೆ. ಜಲ್ಲಿ ರಾಶಿ ದೂರವಾಗಿ ಲೋಡಿಂಗ್ 15 ನಿಮಿಷಕ್ಕೆ ಏರಿದರಂತೂ ಒಂಬತ್ತನೆಯದೇ ಕಾಯಬೇಕು. ಹಾಗಾಗಿ ಇನ್ನೊಂದು ಗಾಡಿಗೆ ಫೋನ್ ಮಾಡುವ ಮೊದಲು, ಮಧ್ಯಾಹ್ನದ ಹೊತ್ತಿಗೆ ಲೋಡರ್ ಹತ್ತಿರ ಹೋಗಿ ನೋಡಿ. ಬಕೆಟ್ ನೆಲಕ್ಕಿಟ್ಟು ಆಪರೇಟರ್ ಸುಮ್ಮನೆ ಕೂತಿದ್ದರೆ ಗಾಡಿ ಕಡಿಮೆ. ಮುಂದೆ ಮೂರು ಟಿಪ್ಪರ್ ಸಾಲುಗಟ್ಟಿದ್ದರೆ ನಿಮಗೆ ಬೇಕಿರುವುದು ಗಾಡಿಯಲ್ಲ, ಎರಡನೇ ಲೋಡರ್.