ಶಾಂತಚಿತ್ತದಿಂದ ಸ್ವೀಕರಿಸತಕ್ಕದ್ದು

ನಮ್ಮ ಊರಿನ ಭಗವದ್ಗೀತಾ ಕಂಠಪಾಠ ಸ್ಪರ್ಧೆಗೆ ಹಿಂದೆಲ್ಲ ಒಂದೇ ನಿಯಮವಿತ್ತು: ‘ತೀರ್ಪುಗಾರರ ತೀರ್ಮಾನವೇ ಅಂತಿಮ.’ ಕರಪತ್ರದ ಕೊನೆಯ ಸಾಲಿನಲ್ಲಿ, ‘ಲಘು ಉಪಾಹಾರದ ವ್ಯವಸ್ಥೆ ಇದೆ’ ಎಂಬುದರ ಕೆಳಗೆ ಅದು ಇರುತ್ತಿತ್ತು. ಉಪಾಹಾರದ ಬಗ್ಗೆ ಯಾರೂ ತಕರಾರು ತೆಗೆಯುತ್ತಿರಲಿಲ್ಲ. ತೀರ್ಮಾನ ಮಾತ್ರ ಒಂದು ವರ್ಷವೂ ಅಂತಿಮವಾಗಿದ್ದಿಲ್ಲ. ಅದು ಸಭಾಂಗಣದಿಂದ ಹೊರಟು ಬಸ್ ನಿಲ್ದಾಣ, ಸಹಕಾರ ಸಂಘದ ಜಗಲಿ, ವಾಟ್ಸ್‌ಆ್ಯಪ್ ಗುಂಪು ಎಲ್ಲವನ್ನೂ ಸುತ್ತಿ ಮುಂದಿನ ವರ್ಷದ ಕರಪತ್ರ ಅಚ್ಚಾಗುವವರೆಗೆ ಮೇಲ್ಮನವಿಯಲ್ಲೇ ಇರುತ್ತಿತ್ತು.

ಈ ವರ್ಷ ಸಮಿತಿ ಗಟ್ಟಿ ಮನಸ್ಸು ಮಾಡಿತು. ಪೋಷಕರು ಸಮಾಧಾನದಿಂದ ಮನೆಗೆ ಹೋಗುವಂತಹ ಪ್ರಕಟಣೆಯೊಂದನ್ನು ಬರೆದುಕೊಡುವ ಕೆಲಸ ನನ್ನ ತಲೆಗೆ ಬಂತು. ಕಾರ್ಯದರ್ಶಿಗಳು ಆಗಲೇ ಒಂದು ಕರಡು ತಂದಿದ್ದರು. ಅದರ ಮೊದಲನೆಯ ನಿಯಮ: ‘ಪೋಷಕರು ಫಲಿತಾಂಶವನ್ನು ಶಾಂತಚಿತ್ತದಿಂದ ಸ್ವೀಕರಿಸತಕ್ಕದ್ದು.’

“ತಪ್ಪಿದರೆ?” ಎಂದು ಖಜಾಂಚಿ ಕೇಳಿದರು.

ಕಾರ್ಯದರ್ಶಿಗಳು ಸ್ವಲ್ಪ ಹೊತ್ತು ಯೋಚಿಸಿ, “ಮಗುವಿನ ಎರಡು ಅಂಕ ಕಳೆಯೋಣ” ಎಂದರು.

ಇದು ಅಂಗೀಕಾರವಾಗುವುದರಲ್ಲಿತ್ತು. ಫಲಿತಾಂಶ ಹೇಳಿದ ಮೇಲೆ ಕಳೆದ ಅಂಕದಿಂದ ಫಲಿತಾಂಶ ಬದಲಾದರೆ, ಆ ಹೊಸ ಫಲಿತಾಂಶವನ್ನು ಯಾರು ಶಾಂತಚಿತ್ತದಿಂದ ಸ್ವೀಕರಿಸಬೇಕು ಎಂಬ ಪ್ರಶ್ನೆ ಎದ್ದು, ಚಹಾ ತಣ್ಣಗಾಗಿ, ನಿಯಮ ಬಿದ್ದುಹೋಯಿತು.

ಇಷ್ಟಕ್ಕೂ ಕಾರಣವಾದ ಕಳೆದ ವರ್ಷದ ಪ್ರಸಂಗವನ್ನು ಹೇಳಬೇಕು. ಗೀತಾ ಜಯಂತಿ ಮಾರ್ಗಶಿರ ಶುದ್ಧ ಏಕಾದಶಿಗೆ ಬರುತ್ತದೆ. ಕೊಡಗಿನಲ್ಲಿ ಅದು ಅರೇಬಿಕಾ ಹಣ್ಣು ಕೊಯ್ಯುವ ಕಾಲ. ಕಣದಲ್ಲಿ ಕಾಫಿ ಹರಡಿ, ಮೋಡ ಕಟ್ಟಿದರೆ ಒಟ್ಟುಮಾಡಲು ಒಬ್ಬರನ್ನು ಬಿಟ್ಟು, ಉಳಿದವರೆಲ್ಲ ಮಗುವಿನ ಜೊತೆ ಬಂದಿರುತ್ತಾರೆ. ‘ಕಣ ಬಿಟ್ಟು ಬಂದಿದ್ದೇವೆ’ ಎಂಬ ಮಾತಿನಲ್ಲಿ ಬಹುಮಾನದ ಹಕ್ಕು ಅರ್ಧ ಸ್ಥಾಪಿತವಾಗಿರುತ್ತದೆ. ಕಿರಿಯರ ವಿಭಾಗಕ್ಕೆ ಹನ್ನೆರಡನೆಯ ಅಧ್ಯಾಯ, ಭಕ್ತಿಯೋಗ. ಇಪ್ಪತ್ತೇ ಶ್ಲೋಕ, ಎಲ್ಲವೂ ಅನುಷ್ಟುಪ್, ಪಾದಕ್ಕೆ ಎಂಟು ಅಕ್ಷರ, ಒಂದೇ ಧಾಟಿಯಲ್ಲಿ ಹೇಳಿಕೊಂಡು ಹೋಗಬಹುದು. ಮಕ್ಕಳಿಗೆ ಸುಲಭವೆಂದೇ ಅದನ್ನು ಆರಿಸಿದ್ದು. ಇಪ್ಪತ್ತೆರಡು ಮಕ್ಕಳಿದ್ದರು.

ಸುಲಭದ ಈ ಅಧ್ಯಾಯದಲ್ಲಿ ಒಂದು ಗುಂಡಿ ಇದೆ. ಹದಿಮೂರನೆಯ ಶ್ಲೋಕದಿಂದ ಮುಂದೆ ಭಗವಂತನಿಗೆ ಯಾರು ಪ್ರಿಯರು ಎಂಬ ಪಟ್ಟಿ ಶುರುವಾಗುತ್ತದೆ. ಹದಿನಾಲ್ಕು ಮುಗಿಯುವುದು ‘ಯೋ ಮದ್ಭಕ್ತಃ ಸ ಮೇ ಪ್ರಿಯಃ’ ಎಂದು. ಹದಿನಾರೂ ಮುಗಿಯುವುದು ಹಾಗೆಯೇ. ನಡುವಿನ ಹದಿನೈದು ‘ಯಃ ಸ ಚ ಮೇ ಪ್ರಿಯಃ’, ಹದಿನೇಳು ‘ಭಕ್ತಿಮಾನ್ಯಃ ಸ ಮೇ ಪ್ರಿಯಃ’. ಸಾಲದ್ದಕ್ಕೆ ಹದಿನಾರರಲ್ಲಿ ‘ಸರ್ವಾರಂಭಪರಿತ್ಯಾಗೀ’, ಹದಿನೇಳರಲ್ಲಿ ‘ಶುಭಾಶುಭಪರಿತ್ಯಾಗೀ’. ಹಿಂದಿನಿಂದ ನೋಡಿದರೆ ನಾಲ್ಕೂ ಒಂದೇ ಅಂಗಿ ತೊಟ್ಟ ಅಣ್ಣತಮ್ಮಂದಿರು. ಮಗು ಒಬ್ಬನ ಬೆನ್ನು ಹಿಡಿದು ಹೊರಟು ಇನ್ನೊಬ್ಬನ ಮನೆ ಸೇರುವುದು ಇಲ್ಲಿಯೇ.

ಹಾಗೆ ಸೇರಿದ ಒಬ್ಬ ಹುಡುಗ ಹದಿನಾರನೆಯದನ್ನು ಶುರುಮಾಡಿ ‘ಸರ್ವಾರಂಭಪರಿತ್ಯಾಗೀ’ ಎಂದವನೇ ‘ಭಕ್ತಿಮಾನ್ಯಃ ಸ ಮೇ ಪ್ರಿಯಃ’ ಎಂದು ಮುಗಿಸಿ ಹದಿನೆಂಟಕ್ಕೆ ಹೊರಟುಹೋದ. ಎಂಟಕ್ಕೆ ಎಂಟು ಅಕ್ಷರ ಕೂಡಿತ್ತು. ಧಾಟಿ ಮುರಿಯಲಿಲ್ಲ, ಉಸಿರು ತಪ್ಪಲಿಲ್ಲ, ಧ್ವನಿ ಹಿಂದಿನ ಸಾಲಿನ ಮುದುಕರನ್ನೂ ಎಬ್ಬಿಸುವಂತಿತ್ತು. ಚಪ್ಪಾಳೆ ಬಿತ್ತು. ಇನ್ನೊಬ್ಬ ಹುಡುಗಿ ಅದೇ ಜಾಗಕ್ಕೆ ಬಂದಳು. ಹದಿನಾರನ್ನು ಸರಿಯಾಗಿ ಮುಗಿಸಿ, ಮುಂದೆ ಯಾವ ‘ಪ್ರಿಯ’ ಎಂದು ತಿಳಿಯದೆ ನಿಂತಳು. ಸಭೆ ಉಸಿರು ಹಿಡಿಯಿತು. ತೀರ್ಪುಗಾರರಲ್ಲಿ ಒಬ್ಬರು ಮೆಲ್ಲಗೆ ‘ಯೋ ನ ಹೃಷ್ಯತಿ’ ಎಂದು ನೆನಪಿಸಿದರು. ಅವಳು ಎತ್ತಿಕೊಂಡು ಇಪ್ಪತ್ತನ್ನೂ ಪೂರೈಸಿದಳು. ಚಪ್ಪಾಳೆಗಿಂತ ‘ಪಾಪ’ ಎಂಬುದೇ ಹೆಚ್ಚು ಕೇಳಿಸಿತು.

ಹುಡುಗನಿಗೆ ಪ್ರಥಮ ಬಹುಮಾನ, ಹುಡುಗಿಗೆ ಸಮಾಧಾನಕರ. (ಸಮಾಧಾನಕರ ಬಹುಮಾನ ಹತ್ತೊಂಬತ್ತು ಮಕ್ಕಳಿಗೆ ಸಿಗುತ್ತದೆ. ಒಂದೊಂದು ಸ್ಟೀಲ್ ತಟ್ಟೆ. ಇದುವರೆಗೆ ಅದರಿಂದ ಯಾರಿಗೂ ಸಮಾಧಾನವಾದದ್ದನ್ನು ನಾನು ಕಂಡಿಲ್ಲ.) ವಿಷಯ ಅಲ್ಲಿಗೇ ಮುಗಿಯುತ್ತಿತ್ತೋ ಏನೋ. ಆದರೆ ಹುಡುಗನ ತಾಯಿ ಹೆಮ್ಮೆಯಿಂದ ವೀಡಿಯೊವನ್ನು ಗುಂಪಿಗೆ ಹಾಕಿದರು. ಹುಡುಗಿಯ ಅಜ್ಜಿ ಕನ್ನಡಕ ಹಾಕಿಕೊಂಡು, ಮಡಿಲಲ್ಲಿ ಪುಸ್ತಕ ಇಟ್ಟುಕೊಂಡು, ಒಂದೊಂದು ಶ್ಲೋಕಕ್ಕೆ ಒಂದೊಂದು ಕಾಫಿ ಬೀಜ ಪಕ್ಕಕ್ಕಿಟ್ಟು ನೋಡಿದರು. ಬೀಜ ಹತ್ತೊಂಬತ್ತೇ ಆಯಿತು.

ಬಿಟ್ಟುಹೋದದ್ದು ಯಾವುದು ಎಂದರೆ, ‘ಯೋ ನ ಹೃಷ್ಯತಿ ನ ದ್ವೇಷ್ಟಿ ನ ಶೋಚತಿ ನ ಕಾಂಕ್ಷತಿ.’ ಹಿಗ್ಗದವನು, ದ್ವೇಷಿಸದವನು, ಶೋಕಿಸದವನು, ಬಯಸದವನು. ಆ ಒಂದು ಶ್ಲೋಕಕ್ಕಾಗಿ ಹಿಗ್ಗು, ದ್ವೇಷ, ಶೋಕ, ಬಯಕೆ ನಾಲ್ಕೂ ಮರುದಿನ ಬೆಳಿಗ್ಗೆ ಕಾರ್ಯದರ್ಶಿಗಳ ಮನೆಯ ಅಂಗಳದಲ್ಲಿ ನೆರೆದವು. ಎರಡೂ ಕಡೆಯವರ ಮಕ್ಕಳು ಎರಡು ಶ್ಲೋಕ ಮುಂದೆ ‘ತುಲ್ಯನಿಂದಾಸ್ತುತಿರ್ಮೌನೀ’ ಎಂದು ಸ್ಪಷ್ಟವಾಗಿ ಹೇಳಿದ್ದರು. ನಿಂದೆ ಸ್ತುತಿಗಳಲ್ಲಿ ಸಮನಾಗಿರುವ ಮೌನಿ ಆ ಅಂಗಳದಲ್ಲಿದ್ದದ್ದು ನಾಯಿ ಮಾತ್ರ.

ಅಂಕಪಟ್ಟಿ ತೆಗೆಸಿದರು. ಆಗ ಗೊತ್ತಾದದ್ದು ಇನ್ನೊಂದು ಸೊಗಸು. ಸಂಸ್ಕೃತ ಮೇಷ್ಟ್ರು ಪುಸ್ತಕ ಹಿಡಿದು ಕೂತವರು, ಹುಡುಗಿಗೆ 78, ಹುಡುಗನಿಗೆ 76 ಕೊಟ್ಟಿದ್ದರು. ಸಂಗೀತದ ಟೀಚರ್ ಹುಡುಗಿಗೆ 80, ಹುಡುಗನಿಗೆ 79. ಇಬ್ಬರ ಪಟ್ಟಿಯಲ್ಲೂ ಹುಡುಗಿ ಮೊದಲು, ಹುಡುಗ ಎರಡನೆಯವನು. ಮೂರನೆಯವರು ದಾನಿಗಳ ಕಡೆಯಿಂದ ಬಂದ ಗಣ್ಯರು. ಅವರು ಹುಡುಗನಿಗೆ 85, ನಿಂತ ಹುಡುಗಿಗೆ 60 ಕೊಟ್ಟು ಅವಳನ್ನು ಒಂಬತ್ತನೆಯ ಸ್ಥಾನಕ್ಕೆ ಇಳಿಸಿದ್ದರು. ಕೂಡಿದರೆ ಹುಡುಗ 240, ಹುಡುಗಿ 218.

ಬಲ್ಲವರಿಬ್ಬರು ಎರಡು, ಒಂದು ಎಂದು ಹಿಡಿದು ಹಿಡಿದು ಅಂತರ ಕೊಟ್ಟರು. ಅದು ಒಟ್ಟು ಮೂರು ಅಂಕ. ಮೂರನೆಯವರು ಕೈಬಿಚ್ಚಿ ಇಪ್ಪತ್ತೈದರ ಅಂತರ ಕೊಟ್ಟರು. ಮೂವರ ಅಂಕ ಕೂಡಿಸಿ ಬಹುಮಾನ ಹಂಚಿದರೆ ಯಾರ ಅಂಕಗಳ ಹರವು ದೊಡ್ಡದೋ ಅವರೊಬ್ಬರೇ ತೀರ್ಪುಗಾರರು. ಉಳಿದಿಬ್ಬರು ಶಾಲು ಹಾರಕ್ಕೆ ಬಂದವರು. ಇದರಲ್ಲಿ ಮೋಸವೇನೂ ಇಲ್ಲ. ಗಣ್ಯರು ತಮ್ಮ ಮನಸ್ಸಾಕ್ಷಿಯ ಪ್ರಕಾರ, ಜೋರಾಗಿ, ಎಲ್ಲೂ ನಿಲ್ಲದೆ ಹೇಳಿದವನಿಗೆ ಕೊಟ್ಟರು. ಏನನ್ನು ನೋಡಿ ಅಂಕ ಕೊಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಪೋಷಕರಿಗೂ ಹೇಳಿರಲಿಲ್ಲ. ಕಾಫಿ ಮಾರುವಾಗ ತಕ್ಕಡಿಯ ಮುಳ್ಳನ್ನು ಮೂರು ಸಲ ನೋಡಿ, ತೇವಾಂಶ ಎಷ್ಟು ಬಂತೆಂದು ಬಗ್ಗಿ ಓದುವ ನಮ್ಮ ಜನರಿಗೆ, ಮಗುವಿನ ವಿಷಯದಲ್ಲಿ ಮಾತ್ರ ಮುಳ್ಳಿಲ್ಲದ ತಕ್ಕಡಿ ತೋರಿಸಿ ‘ಶಾಂತಚಿತ್ತ’ ಎನ್ನುತ್ತಿದ್ದೆವು.

ಆದ್ದರಿಂದ ಈ ವರ್ಷದ ಪ್ರಕಟಣೆ ನಾಲ್ಕು ಪುಟ. ಅದರ ಮುಖ್ಯ ಭಾಗ ಹೀಗಿದೆ. ಕಂಠಪಾಠಕ್ಕೆ 40, ಅಂದರೆ ಶ್ಲೋಕಕ್ಕೆ ಎರಡರಂತೆ. ಶ್ಲೋಕ ಬಿಟ್ಟರೆ ಎರಡೂ ಹೋಯಿತು, ನೆನಪಿಸಿಕೊಂಡು ಹೇಳಿದರೆ ಒಂದು ಹೋಯಿತು. ‘ನಿಂತು ನೆನಪಿಸಿಕೊಂಡು ಹೇಳಿದ ಮಗುವಿಗೆ, ನಿಲ್ಲದೆ ಬಿಟ್ಟುಹೋದ ಮಗುವಿಗಿಂತ ಹೆಚ್ಚು ಅಂಕ ಬರುತ್ತದೆ’ ಎಂಬ ವಾಕ್ಯವನ್ನು ದಪ್ಪ ಅಕ್ಷರದಲ್ಲಿ ಹಾಕಿಸಿದ್ದೇನೆ. ಸಭಿಕರು ಕೇಳುವುದು ನಿಂತದ್ದನ್ನು ಮಾತ್ರ. ಬಿಟ್ಟದ್ದು ಕಿವಿಗೆ ಬೀಳುವುದಿಲ್ಲ. ಅದಕ್ಕಾಗಿ ಮೂವರು ತೀರ್ಪುಗಾರರ ಮುಂದೆಯೂ ಮೂಲಪಾಠ ಇರತಕ್ಕದ್ದು, ಹೇಳಿದ ಶ್ಲೋಕಕ್ಕೆ ಗೀಟು ಹಾಕತಕ್ಕದ್ದು. ಗಣ್ಯರೂ ಹಾಕತಕ್ಕದ್ದು.

ಉಚ್ಚಾರಣೆಗೆ 30. ಇಲ್ಲಿ ಸಂಸ್ಕೃತ ಮೇಷ್ಟ್ರಿಗೂ ನನಗೂ ಜಗಳವಾಯಿತು. ‘ಶುಭಾಶುಭ’ವನ್ನು ‘ಶುಬಾಶುಬ’ ಎಂದರೆ ಪ್ರತಿ ಸಲವೂ ಅಂಕ ಕಳೆಯಬೇಕೆಂದು ಅವರ ವಾದ. ನಮ್ಮ ಮಕ್ಕಳಲ್ಲಿ ಒಬ್ಬರ ಮನೆಮಾತು ಕೊಡವ ತಕ್ಕ್, ಒಬ್ಬರದು ಅರೆಭಾಷೆ, ಇನ್ನೊಬ್ಬರದು ತುಳು ಅಥವಾ ಮಲಯಾಳ. ಆಡುಮಾತಿನಲ್ಲಿ ಮಹಾಪ್ರಾಣ ಹಗುರವಾಗುವುದು ಯಾರ ಮನೆಯಲ್ಲಿಲ್ಲ? ಭಕ್ತಿಯೋಗದಲ್ಲಿ ‘ಭ’ ಬಂದಾಗಲೆಲ್ಲ ಅಂಕ ಕಳೆದರೆ ಮಗು ಸಾಲಗಾರನಾಗಿ ವೇದಿಕೆ ಇಳಿಯುತ್ತದೆ. ಕೊನೆಗೆ, ಒಂದೇ ಬಗೆಯ ದೋಷ ಎಷ್ಟು ಸಲ ಬಂದರೂ ಐದಕ್ಕಿಂತ ಹೆಚ್ಚು ಕಳೆಯಬಾರದೆಂದು ರಾಜಿಯಾಯಿತು. ಧಾಟಿ, ಲಯಕ್ಕೆ 20, ಉಸಿರು ಸರಿಯಾದ ಜಾಗದಲ್ಲಿ ನಿಲ್ಲಿಸಿದ್ದಕ್ಕೆ 10. ಧ್ವನಿಯ ಎತ್ತರಕ್ಕೆ, ಪಂಚೆಯ ಜರಿಗೆ, ಅಭಿನಯಕ್ಕೆ ಸೊನ್ನೆ. ‘ಸೊನ್ನೆ’ ಎಂದು ಬರೆದೇ ಹಾಕಿದ್ದೇವೆ.

ಕೂಡುವ ಲೆಕ್ಕವನ್ನು ಕೈಬಿಟ್ಟೆವು. ಪ್ರತಿ ತೀರ್ಪುಗಾರರ ಅಂಕದಿಂದ ಅವರವರ ಸ್ಥಾನಪಟ್ಟಿ ಮಾಡುವುದು, ಮಗುವಿಗೆ ಸಿಕ್ಕ ಮೂರು ಸ್ಥಾನಗಳಲ್ಲಿ ನಡುವಿನದನ್ನು ಹಿಡಿಯುವುದು. ಕಳೆದ ವರ್ಷದ ಹುಡುಗಿಗೆ ಒಂದು, ಒಂದು, ಒಂಬತ್ತು; ನಡುವಿನದು ಒಂದು. ಹುಡುಗನಿಗೆ ಎರಡು, ಎರಡು, ಒಂದು, ನಡುವಿನದು ಎರಡು. ಸ್ಥಾನಗಳನ್ನೇ ಕೂಡಿಸೋಣವೆಂದು ಖಜಾಂಚಿ ಹೇಳಿದರು. ಕೂಡಿದರೆ ಅವಳದು ಹನ್ನೊಂದು, ಅವನದು ಐದು. ಗಣ್ಯರ ಒಂಬತ್ತು ಮತ್ತೆ ಗೆದ್ದಿತು. ನಡುವಿನ ಸ್ಥಾನದಲ್ಲಿ ಸಮಬಲ ಪದೇ ಪದೇ ಬರುತ್ತದೆ, ಅದೊಂದು ತೊಂದರೆ. ಬಂದಾಗ ಹೆಚ್ಚು ಶ್ಲೋಕ ಪೂರ್ಣವಾಗಿ ಹೇಳಿದ ಮಗು ಮುಂದೆ, ಅದೂ ಸಮವಾದರೆ ಬಹುಮಾನ ಇಬ್ಬರಿಗೆ. ಚೀಟಿ ಎತ್ತುವುದಿಲ್ಲ. ಗೀಟು ಹಾಕಿದ ಹಾಳೆಗಳನ್ನು ಫಲಿತಾಂಶದ ಜೊತೆಗೇ ಗೋಡೆಗೆ ಅಂಟಿಸುತ್ತೇವೆ.

ಪ್ರಕಟಣೆ ಹೊರಬಿದ್ದ ಸಂಜೆಯೇ ಕಳೆದ ವರ್ಷದ ಹುಡುಗನ ತಂದೆಯ ಫೋನ್ ಬಂತು. ಪೂರ್ತಿ ಓದಿದ್ದರು, ಸಿಟ್ಟಿರಲಿಲ್ಲ.

“ಮೇಷ್ಟ್ರೇ, ಎಲ್ಲ ಸರಿಯಾಗಿದೆ. ಒಂದೇ ಮಾತು. ಈ ಹನ್ನೆರಡನೆಯ ಅಧ್ಯಾಯದಲ್ಲಿ ಪ್ರಿಯರು ಜಾಸ್ತಿಯಾದರು. ಹದಿನೈದನೆಯದನ್ನು ಇಟ್ಟರೆ ಆಗದೇ? ಅದೂ ಇಪ್ಪತ್ತೇ ಶ್ಲೋಕವಂತೆ.”

“ಇಡಬಹುದು. ಆದರೆ ಅದರಲ್ಲಿ ಮೊದಲ ಶ್ಲೋಕ ಅನುಷ್ಟುಪ್, ಎರಡರಿಂದ ಐದರವರೆಗೆ ಬೇರೆ ಛಂದಸ್ಸು, ಆಮೇಲೆ ಮತ್ತೆ ಅನುಷ್ಟುಪ್, ಹದಿನೈದಕ್ಕೆ ಮತ್ತೆ ಬದಲಾಗುತ್ತದೆ. ಎರಡನೆಯ ಶ್ಲೋಕಕ್ಕೇ ಮಕ್ಕಳ ಧಾಟಿ ಜಾರುತ್ತದೆ.”

ಆ ಕಡೆ ಪೆನ್ನಿನ ಸದ್ದು ಕೇಳಿಸಿತು. ಬರೆದುಕೊಳ್ಳುತ್ತಿದ್ದರು.

“ಹಾಗಾದರೆ ಅದನ್ನೂ ಪ್ರಕಟಣೆಗೆ ಸೇರಿಸಿಬಿಡಿ. ಜಾರಿದರೆ ಎಷ್ಟು ಅಂಕ, ಜಾರಿ ಎದ್ದರೆ ಎಷ್ಟು ಅಂಕ?”

ಐದನೆಯ ಪುಟ ಬರೆಯುತ್ತಿದ್ದೇನೆ.