ವಿಮೆ ಕಾರ್ಡ್ ಇದ್ದರೂ ಜೇಬಿಗೆ ಕತ್ತರಿ

"ಎಲ್ಲರಿಗೂ ವಿಮೆ ಮಾಡಿಸಿದರೆ ಚಿಕಿತ್ಸೆ ಖರ್ಚಿನ ಚಿಂತೆ ಮುಗೀತಲ್ವಾ?"

ವಿಮೆ ಯಾವುದಕ್ಕೆ ದುಡ್ಡು ಕೊಡುತ್ತದೆ ಅನ್ನೋದರ ಮೇಲಿದೆ. ಮನೆಖರ್ಚಿನಲ್ಲಿ ಶೇ 10ಕ್ಕಿಂತ ಜಾಸ್ತಿ ಚಿಕಿತ್ಸೆಗೆ ಕೈಯಿಂದ ಹೋದರೆ ಮಿತಿಮೀರಿದ ವೆಚ್ಚ, ಇದು ಹಲವು ವರ್ಷ ಬಳಸಿದ ಅಳತೆ. ತಿಂಗಳ ಮನೆಖರ್ಚು 100 ಪಾಲು ಅಂದುಕೊಳ್ಳಿ. ಸಕ್ಕರೆ ಕಾಯಿಲೆ, ಬಿಪಿ ಮಾತ್ರೆಗೆ 9, ರಕ್ತಪರೀಕ್ಷೆಗೆ 3. ಅಡ್ಮಿಟ್ ಆದರೆ ಮಾತ್ರ ಕೊಡುವ ವಿಮೆ ಇದ್ದರೆ ಈ 12 ಪೂರ್ತಿ ಜೇಬಿನಿಂದಲೇ, ಅದೂ ಪ್ರತಿ ತಿಂಗಳು. ಅಂದರೆ ವಿಮೆ ಇದ್ದೂ 10ರ ಮಿತಿ ದಾಟಿತು.

ಇನ್ನೊಂದು ವಿಚಿತ್ರ ಇದೆ. ದುಡ್ಡಿಲ್ಲದೆ ಮಾತ್ರೆ ಬಿಟ್ಟವರ ಖರ್ಚು ಸೊನ್ನೆ, ಹಾಗಾಗಿ ಲೆಕ್ಕದಲ್ಲಿ ಅವರು ಕ್ಷೇಮ! ವಿಮೆ ಬಂದ ಮೇಲೆ ಅವರು ಧೈರ್ಯ ಮಾಡಿ ಡಾಕ್ಟರ ಹತ್ತಿರ ಹೋದರೆ, ವಿಮೆ ಕೊಡದ ಮಾತ್ರೆಗಳಿಂದಾಗಿ ಕೈಖರ್ಚು ಏರಿದಂತೆ ಕಾಣಬಹುದು. ಎಷ್ಟು ಜನಕ್ಕೆ ಚಿಕಿತ್ಸೆ ಸಿಕ್ಕಿತು ಅನ್ನೋ ಅಂಕಿಯನ್ನ ಪಕ್ಕದಲ್ಲಿಟ್ಟುಕೊಂಡೇ ಈ ಕೈಖರ್ಚಿನ ಲೆಕ್ಕ ಓದಬೇಕು.