ಹಂಡೆಯ ಹೆಸರೆತ್ತದ ಶುಭಾಶಯ

ಮಾತು ಬಿಟ್ಟ ಅಕ್ಕನಿಗೆ ಶುಭಾಶಯ ಕಳುಹಿಸಲು ವರ್ಷದಲ್ಲಿ ಇಷ್ಟೊಂದು ಹಬ್ಬಗಳಿರುವಾಗ ನನ್ನ ಪಾಲಿಗೆ ದೀಪಾವಳಿಯೇ ಒದಗಬೇಕೇ ಎಂಬುದು ನನ್ನ ಮೊದಲ ತಕರಾರು. ನಮ್ಮ ಜಗಳ ನಡೆದದ್ದು ಬಚ್ಚಲಿನ ತಾಮ್ರದ ಹಂಡೆಗಾಗಿ, ಮತ್ತು ನಮ್ಮ ಕಾಸರಗೋಡಿನ ಕಡೆ ದೀಪಾವಳಿ ಆರಂಭವಾಗುವುದೇ ಹಂಡೆಯಿಂದ. ನರಕ ಚತುರ್ದಶಿಯ ಮುನ್ನಾದಿನ ಸಂಜೆ ಅದನ್ನು ಹುಣಸೆಹುಳಿ ಹಾಕಿ ತಿಕ್ಕಿ, ಕೊರಳಿಗೆ ಹೂಮಾಲೆ ಸುತ್ತಿ, ನೀರು ತುಂಬಿಸಿದ ಮೇಲೆಯೇ ಮರುದಿನ ನಸುಕಿನ ಎಣ್ಣೆಸ್ನಾನ. ಹೀಗಿರುವಾಗ ಹಬ್ಬದ ಹೆಸರೆತ್ತಿದರೆ ಹಂಡೆಯ ಹೆಸರೆತ್ತಿದಂತೆಯೇ.

ಅಮ್ಮನ ತಿಥಿಯ ದಿನ ಊಟದ ಪಂಕ್ತಿಯಲ್ಲಿ ಅಕ್ಕ, “ಗೀಸರ್ ಹಾಕಿಸಿಕೊಂಡವರಿಗೆ ಹಂಡೆ ಯಾಕೆ? ಅಮ್ಮನ ನೆನಪಿಗೆ ನನಗಿರಲಿ” ಎಂದಳು. ಹಂಡೆ ಒಲೆಯಲ್ಲಿ ಹೂತು ಕೂತಿದೆ, ಕೀಳಬೇಕಾದರೆ ಒಲೆಯನ್ನೇ ಒಡೆಯಬೇಕು ಎಂದು ನಾನು ಹೇಳಿದೆ. ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಗಿ, ಪಾಯಸ ಬಡಿಸುವ ಹೊತ್ತಿಗೆ ಅವಳು ಪುತ್ತೂರಿನ ದಾರಿ ಹಿಡಿದಿದ್ದಳು.

ಹಬ್ಬ ಹತ್ತಿರ ಬಂದಾಗ ನನ್ನ ಮೊಬೈಲಿನಲ್ಲಿ ದೀಪದ ಚಿತ್ರಗಳಿಗೇನೂ ಕೊರತೆ ಇರಲಿಲ್ಲ. ಆದರೆ ಊರಿಗೆಲ್ಲ ಹೋದ ಚಿತ್ರವನ್ನೇ ಅಕ್ಕನಿಗೂ ಕಳುಹಿಸಿದರೆ, ಅವಳು ಯಾರದ್ದೋ ಚಿತ್ರವೊಂದನ್ನು ತಿರುಗಿಸಿ ಕಳುಹಿಸಿ ಲೆಕ್ಕ ಚುಕ್ತಾ ಮಾಡುತ್ತಾಳೆ, ಮಾತು ಮುಂದಿನ ಯುಗಾದಿಯವರೆಗೆ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಕೈಯಾರೆ ಬರೆಯಲು ಕುಳಿತೆ. “ನಾನಂತೂ ಎಲ್ಲವನ್ನೂ ಮರೆತಿದ್ದೇನೆ” ಎಂದು ಬರೆದದ್ದನ್ನು ಓದಿದ ನನ್ನ ಹೆಂಡತಿ, ಮರೆಯಬೇಕಾದ ತಪ್ಪು ಮಾಡಿದವಳು ಅತ್ತಿಗೆ ಎಂದಾಯಿತಲ್ಲ ಎಂದಳು. “ನನ್ನಿಂದ ತಪ್ಪಾಗಿದ್ದರೆ ಕ್ಷಮಿಸು” ಎಂಬುದೂ ಅವಳಿಗೆ ಒಪ್ಪಿಗೆಯಾಗಲಿಲ್ಲ. ಅದನ್ನು ಓದಿದವರು ತಾವೂ ಹಾಗೆಯೇ ಹೇಳದಿದ್ದರೆ ಸೊಕ್ಕಿನವರೆನಿಸುತ್ತಾರೆ, ಹಬ್ಬದ ದಿನ ಅತ್ತಿಗೆಯನ್ನು ಅಂಥ ಇಕ್ಕಟ್ಟಿಗೆ ಸಿಕ್ಕಿಸುವುದೇಕೆ ಎಂಬುದು ಅವಳ ವಾದ.

ಅಷ್ಟರಲ್ಲಿ ಚಿಕ್ಕಪ್ಪ ಬಂದರು. ಆಯುಷ್ಯವಿಡೀ ದಸ್ತಾವೇಜು ಬರೆದವರಾದ ಅವರಿಗೆ ಮದುವೆಯ ಕರೆಯೋಲೆಯಲ್ಲಿಯೂ ಚಕ್ಕುಬಂದಿ ಕಾಣದಿದ್ದರೆ ಸಮಾಧಾನವಿಲ್ಲ. ಕನ್ನಡಕ ಏರಿಸಿ ಅವರು ಹೇಳಿ ಬರೆಸಿದ್ದು ಹೀಗಿತ್ತು: “ಕಾಸರಗೋಡು ತಾಲೂಕಿನಲ್ಲಿ ವಾಸವಿರುವ ನಾನು, ಪುತ್ತೂರಿನಲ್ಲಿ ವಾಸವಿರುವ ನನ್ನ ಒಡಹುಟ್ಟಿದ ಅಕ್ಕನಾದ ನಿನಗೆ, ಸ್ವಸಂತೋಷದಿಂದಲೂ ಯಾರ ಒತ್ತಾಯವೂ ಇಲ್ಲದೆಯೂ ಬರೆದು ಕಳುಹಿಸುವ ದೀಪಾವಳಿಯ ಶುಭಾಶಯ ಏನೆಂದರೆ...” ಶುಭಾಶಯ ಏನೆಂಬುದು ಕೊನೆಯವರೆಗೂ ಬರಲಿಲ್ಲ. ಬಂದದ್ದು, “ಈ ಶುಭಾಶಯದಿಂದ ಬಚ್ಚಲಿನಲ್ಲಿರುವ ಹಂಡೆಯ ಮೇಲಿನ ನನ್ನ ಹಕ್ಕಿಗೆ ಯಾವ ಬಾಧಕವೂ ಉಂಟಾಗತಕ್ಕದ್ದಲ್ಲ” ಎಂಬ ಷರತ್ತು. ಅದನ್ನು ತೆಗೆಯೋಣವೆಂದರೆ, ನಾಳೆ ಅವಳು ಇದನ್ನೇ ಒಪ್ಪಿಗೆ ಪತ್ರವೆಂದು ಹಾಜರುಪಡಿಸಿದರೆ ಏನು ಮಾಡುತ್ತೀ ಎಂದು ನನ್ನನ್ನೇ ಗದರಿದರು. ಸಾಕ್ಷಿಗಳ ಹೆಸರಿಗೆಂದು ಕೆಳಗೆ ಎರಡು ಗೆರೆ ಜಾಗವನ್ನೂ ಬಿಡಿಸಿದರು. ಸಿಟ್ಟು ಬಂದರೂ, ಹಿರಿಯರು ಕಾಫಿ ಕುಡಿದು ಹೋಗುವವರೆಗೆ ಮೊಬೈಲನ್ನು ಮಡಚಿದ ಪಂಚೆಯೊಳಗೆ ಇಟ್ಟುಕೊಂಡು ಕಾದೆ.

ಅಕ್ಕನಿಗೆ ಮಾತ್ರ ಗೊತ್ತಿರುವ, ಉತ್ತರಿಸಿದರೆ ಯಾರೂ ಸೋತಂತಾಗದ ಒಂದು ವಿಷಯ ಬೇಕಿತ್ತು. ಸುಳ್ಳು ಪ್ರಶ್ನೆಯನ್ನು ಅವಳು ದೂರದಿಂದಲೇ ಹಿಡಿಯುತ್ತಾಳೆ. ಅಮ್ಮ ಹೋದ ಮೇಲೆ ನಮ್ಮಲ್ಲಿ ಸೌತೆಕಾಯಿ ಕೊಟ್ಟಿಗೆ, ಎಂದರೆ ಎಲೆಯಲ್ಲಿ ಸುತ್ತಿ ಬೇಯಿಸುವ ಸಿಹಿ ಕಡುಬು, ನಿಜಕ್ಕೂ ಸರಿಯಾಗುತ್ತಿಲ್ಲ. ಬಾಳೆಎಲೆ ಬಿಚ್ಚಿದರೆ ಅರ್ಧ ಎಲೆಗೇ ಅಂಟಿರುತ್ತದೆ. ಅಮ್ಮ ಅಳತೆ ಮಾಡಿದ್ದನ್ನು ನಾನು ಕಂಡವನಲ್ಲ. ಪಕ್ಕದಲ್ಲಿ ಕುಳಿತು ತುರಿಯುತ್ತಿದ್ದವಳು ಅಕ್ಕ, ಬೆಲ್ಲ ಕದಿಯುತ್ತಿದ್ದವನು ನಾನು.

ಕೊನೆಗೆ ಕಳುಹಿಸಿದ್ದು ಇಷ್ಟೇ: “ಅಕ್ಕ, ಹಬ್ಬದ ಶುಭಾಶಯ. ಭಾವನಿಗೂ ಮಕ್ಕಳಿಗೂ ಹೇಳು. ಕೊಟ್ಟಿಗೆಯ ಹಿಟ್ಟಿಗೆ ನೀರು ಎಷ್ಟು ಹಾಕಬೇಕು? ಕಳೆದ ವರ್ಷ ಎಲೆಗೆ ಅಂಟಿತ್ತು. ಬಲಿಪಾಡ್ಯಮಿಗೆ ನಾವು ಮನೆಯಲ್ಲೇ ಇರುತ್ತೇವೆ.” ಬಾ ಎಂದು ಬರೆಯಲಿಲ್ಲ, ಏಕೆಂದರೆ ಬಾ ಎಂದರೆ ಬರುತ್ತೇನೆಂದೋ ಬರುವುದಿಲ್ಲವೆಂದೋ ಹೇಳಬೇಕಾಗುತ್ತದೆ. ಕರ್ನಾಟಕದಲ್ಲಿ ಬಲಿಪಾಡ್ಯಮಿಗೂ ರಜೆ, ನಮ್ಮ ಕೇರಳದಲ್ಲಿ ದೀಪಾವಳಿಗೆ ಒಂದೇ ದಿನ. ಬರುವ ಮನಸ್ಸಿದ್ದರೆ ಅವಳ ಕಡೆಯ ರಜೆಯೇ ಅನುಕೂಲ.

ನೀಲಿ ಗೆರೆಗಳು ಬಂದವು, ಉತ್ತರ ಬರಲಿಲ್ಲ. ರಾತ್ರಿ ಊಟದ ನಂತರ ಬಂತು: “ನೀರು ಯಾಕೆ? ಸೌತೆಕಾಯಿಯೇ ನೀರು ಬಿಡುತ್ತದೆ. ತುರಿಗೆ ಬೆಲ್ಲ ಹಾಕಿ ಸ್ವಲ್ಪ ಹೊತ್ತು ಇಡು, ನೀರು ಬಿಟ್ಟ ಮೇಲೆ ಅಕ್ಕಿ ತರಿ ಸೇರಿಸು. ಎಲೆ ಬಾಡಿಸಿದ್ದೀಯಾ?” ನಾನು ಉತ್ತರ ಬರೆಯುತ್ತಿರುವಾಗಲೇ ಇನ್ನೊಂದು ಬಂತು: “ಹಂಡೆ ತಿಕ್ಕಿದ್ದು ಯಾರು?”

ಇದನ್ನು ಯಾವ ಬಾಯಿಯಿಂದ ಕೇಳಿಸಿಕೊಂಡರೋ, ಚಿಕ್ಕಪ್ಪ ಆ ಹೊತ್ತಿನಲ್ಲೂ ಫೋನ್ ಮಾಡಿ, ಆ ಪ್ರಶ್ನೆಗೆ ಯಾವ ಕಾರಣಕ್ಕೂ ಲಿಖಿತ ಉತ್ತರ ಕೊಡಬಾರದೆಂದು ಎಚ್ಚರಿಸಿದರು. ಅವರ ಮಾತನ್ನು ಶಿರಸಾವಹಿಸಿ ಅಕ್ಕನಿಗೆ ಫೋನ್ ಮಾಡಿದೆ.